ಜುಲೈ–ಸೆಪ್ಟೆಂಬರ್ ದೂರು ಪತ್ರಗಳ ಸಾರಾಂಶ: ವಾಟರ್ ಪ್ಯೂರಿಫೈಯರ್ ಸರ್ವಿಸ್, ಹುಬ್ಬಳ್ಳಿ ಕೇಂದ್ರ

ಸೇವಾ ಗುಣಮಟ್ಟ ಪರಿಶೀಲನಾ ಸಭೆಗೆ

ಮೂರು ತಿಂಗಳಲ್ಲಿ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯಿಂದ 46 ಪತ್ರ ಬಂದಿವೆ. ಒಂದೇ ಪತ್ರದಲ್ಲಿ ಎರಡು ಮೂರು ದೂರು ಇದ್ದರೆ, ಗ್ರಾಹಕರು ಪತ್ರ ಬರೆಯೋಕೆ ಕಾರಣವಾದ ದೂರನ್ನಷ್ಟೇ ಲೆಕ್ಕಕ್ಕೆ ಹಿಡಿದಿದ್ದೇನೆ.

| ದೂರು | ಪತ್ರ | ಮೊದಲ ಉತ್ತರ | ಪೂರ್ತಿ ಪರಿಹಾರ |
|---|---|---|---|
| ರಿಪೇರಿ ಆದ ಮೇಲೂ ಅದೇ ತೊಂದರೆ | 19 | 4 ದಿನ | 13 ದಿನ |
| ಮೆಕ್ಯಾನಿಕ್ ತಡ | 14 | 3 ದಿನ | 7 ದಿನ |
| ಬಿಲ್ ತಕರಾರು | 8 | 6 ದಿನ | 9 ದಿನ |
| ಇತರೆ | 5 | 2 ದಿನ | 3 ದಿನ |

ಇವು ಸರಾಸರಿ ಅಲ್ಲ. ದಿನಗಳನ್ನು ಏರಿಕೆಯಲ್ಲಿ ಜೋಡಿಸಿ ನಡುವಿನ ಅಂಕಿ ತೆಗೆದಿದ್ದೇನೆ. ಒಂದು ಪತ್ರ 41 ದಿನ ಎಳೆದಿದೆ, ಸರಾಸರಿ ಹಾಕಿದರೆ ಅದೊಂದೇ ಲೆಕ್ಕ ಕೆಡಿಸುತ್ತದೆ. ಪತ್ರ ನಮ್ಮ ಕೈಸೇರಿದ ದಿನದಿಂದ ಎಣಿಸಿದ್ದೇನೆ. ಕಂಪ್ಯೂಟರ್ ಜಾಬ್ ಶೀಟ್ ತೆರೆದ ದಿನದಿಂದ ಎಣಿಸುತ್ತದೆ. ಹಾಗಾಗಿ ಅಲ್ಲಿ ಎಲ್ಲವೂ 2 ದಿನದಲ್ಲಿ ಮುಗಿದಂತೆ ಕಾಣುತ್ತದೆ.

ಮೊದಲ ಸಾಲನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೆಟಗೇರಿಯ ಗ್ರಾಹಕರೊಬ್ಬರು ಬರೆದಿದ್ದಾರೆ: "ಮೆಂಬ್ರೇನ್ ಹಾಕಿ ತಿಂಗಳ ಆಗಿಲ್ರಿ, ಮತ್ತ ನೀರು ಹನಿ ಹನಿ ಬರಾಕತ್ತೈತಿ." ಅವರ ಮನೆಗೆ ಮೂರು ಸಲ ಹೋಗಿದ್ದೇವೆ. ಮೂರು ಜಾಬ್ ಶೀಟ್, ಮೂರರಲ್ಲೂ "ಸರಿ ಮಾಡಲಾಗಿದೆ". ಪ್ರತಿ ಸಲ ಹೊಸ ನಂಬರ್ ಕೊಟ್ಟಿದ್ದರಿಂದ ಕಂಪ್ಯೂಟರಿಗೆ ಇದು ದೂರೇ ಅಲ್ಲ, ಮೂರು ಯಶಸ್ವಿ ಕೆಲಸ!

ಈ 19ರಲ್ಲಿ 12 ಗದಗ, ರೋಣ, ಮುಂಡರಗಿ ಕಡೆಯ ಬೋರ್‌ವೆಲ್ ಮನೆಗಳವು. ಗಡಸು ನೀರಲ್ಲಿ ಮೆಂಬ್ರೇನ್ ಮೇಲೆ ಸುಣ್ಣದಂಥ ಪದರ ಕಟ್ಟುತ್ತದೆ, ನೀರು ಇಳಿಯೋದು ಕಡಿಮೆ ಆಗುತ್ತದೆ. ಆದರೆ ನಮ್ಮ ಎಎಂಸಿಯಲ್ಲಿ ಮಲಪ್ರಭಾ ನೀರು ಬರುವ ವಿದ್ಯಾನಗರದ ಮನೆಗೂ ಈ ಮನೆಗಳಿಗೂ ಒಂದೇ ವೇಳಾಪಟ್ಟಿ. ಮೂಲ ಕಾರಣ ಇದೇ, ಮೆಕ್ಯಾನಿಕ್ ಕೈಕೆಲಸವಲ್ಲ. ಮೀಟರ್ ಎಲ್ಲರ ಬ್ಯಾಗಲ್ಲೂ ಇದೆ, ಟಿಡಿಎಸ್ ಎಷ್ಟು ಅಂತ ಬರೆಯೋಕೆ ಶೀಟಿನಲ್ಲಿ ಜಾಗವಿಲ್ಲ. ಬರೆದರೂ ಅಷ್ಟೇ ಸಾಲದು: ಟಿಡಿಎಸ್ ಮೀಟರ್ ಗಡಸುತನವನ್ನು ಬೇರೆ ಮಾಡಿ ತೋರಿಸಲ್ಲ, ಅದಕ್ಕೆ ಗಡಸುತನದ ಕಿಟ್ ಬೇಕು.

ತಡದ 14ರಲ್ಲಿ 9 ಕಡೆ ಮೆಕ್ಯಾನಿಕ್ ಸಮಯಕ್ಕೇ ಹೋಗಿದ್ದಾನೆ, ಕೈಯಲ್ಲಿ ಸ್ಪೇರ್ ಇರಲಿಲ್ಲ. ಹಾವೇರಿಗೆ ಪಂಪ್ ಬೇಕಾದರೂ ಇಲ್ಲಿಂದಲೇ ಬಸ್ಸಿಗೆ ಹಾಕಬೇಕು. ಗ್ರಾಹಕರಿಗೆ ಅದು ತಡವೇ ಅಲ್ವಾ? ಉಳಿದ 5 ಸುಮ್ನೆ ನಮ್ಮ ಮರೆವು.

ಬಿಲ್ ತಕರಾರೆಲ್ಲ ಎಎಂಸಿಯಲ್ಲಿ ಏನು ಸೇರಿದೆ ಅನ್ನೋದರ ಬಗ್ಗೆಯೇ. ಮಾರುವಾಗ "ಎಲ್ಲಾ ಫ್ರೀ" ಅಂದಿದ್ದಾರೆ, ಮೆಂಬ್ರೇನ್ ಅದರಲ್ಲಿಲ್ಲ. ಈ ಉತ್ತರ ತಡವಾಗೋದು ಯಾಕಂದರೆ ಫೈಲ್ ಸೇಲ್ಸ್‌ಗೂ ಅಕೌಂಟ್ಸ್‌ಗೂ ಓಡಾಡುತ್ತದೆ. ಇತರೆಯಲ್ಲಿ ಹೆಚ್ಚಿನವು ಫೋನ್ ಎತ್ತಲಿಲ್ಲ ಅನ್ನೋ ದೂರು.

ಸಭೆಯಲ್ಲಿ ತೀರ್ಮಾನ ಆಗಬೇಕಾದ್ದು: ಬೋರ್‌ವೆಲ್ ಮನೆಗಳಿಗೆ ಬೇರೆ ವೇಳಾಪಟ್ಟಿ, 60 ದಿನದೊಳಗೆ ಅದೇ ತೊಂದರೆ ಬಂದರೆ ಹಳೇ ನಂಬರಲ್ಲೇ ಜಾಬ್ ತೆರೆಯುವುದು, ಗದಗ, ಹಾವೇರಿಯಲ್ಲಿ ಪಂಪ್, ಅಡಾಪ್ಟರ್, ಮೆಂಬ್ರೇನ್ ದಾಸ್ತಾನು. ಎರಡನೆಯದಕ್ಕೆ ಖರ್ಚಿಲ್ಲ, ನಾಳೆಯಿಂದಲೇ ಶುರು ಮಾಡಬಹುದು. ಹಾಗೆ ಮಾಡಿದರೆ ಮುಂದಿನ ವರದಿಯಲ್ಲಿ ನಮ್ಮ ಅಂಕಿ ಈಗಿನದಕ್ಕಿಂತ ಕೆಟ್ಟದಾಗಿ ಕಾಣುತ್ತದೆ, ಮೇಲಿನವರಿಗೆ ಅದನ್ನು ಮೊದಲೇ ತಿಳಿಸಿರಿ.

3 ಪತ್ರ ಇನ್ನೂ ಬಾಕಿ ಇವೆ, ಅವಕ್ಕೆ ಸೆಪ್ಟೆಂಬರ್ 30ರವರೆಗಿನ ದಿನ ಹಿಡಿದಿದ್ದೇನೆ. ಬೆಟಗೇರಿಯದೂ ಅದರಲ್ಲೊಂದು.