ಜೂನಿಯರ್ ಗ್ರಾಫಿಕ್ ಡಿಸೈನರ್ ಹುದ್ದೆಗೆ ಅರ್ಜಿ

ಕ್ರಿಯೇಟಿವ್ ಡೈರೆಕ್ಟರ್ ಅವರಿಗೆ,

ಮಾನ್ಯರೇ,

ನಿಮ್ಮ ಹುಬ್ಬಳ್ಳಿ ಸ್ಟುಡಿಯೋದ ಜಾಹೀರಾತು ನೋಡಿ ಈ ಪತ್ರ. ಈ ವರ್ಷ ಧಾರವಾಡದಲ್ಲಿ ಬಿ.ವಿ.ಎ. ಮುಗಿಸಿದ್ದೇನೆ. ಎಐ ಚಿತ್ರಗಳಿಗೆ ಪ್ರಾಂಪ್ಟ್ ಬರೆಯಬಲ್ಲವರು ಬೇಕೆಂದು ಕೇಳಿದ್ದೀರಿ. ಪೋರ್ಟ್‌ಫೋಲಿಯೋದಲ್ಲಿ ಅಂಥ ಮೂರು ಕೆಲಸಗಳಿವೆ. ದಯವಿಟ್ಟು ಇಳಕಲ್ ಸೀರೆಯ ಪೋಸ್ಟರನ್ನು ಮೊದಲು ನೋಡಿ.

'ಇಳಕಲ್ ಸೀರೆ' ಎಂದಷ್ಟೇ ಬರೆದಾಗ ಬಂದದ್ದು ಮೈತುಂಬ ಜರಿಯ ಮದುವೆ ಸೀರೆ. ಟೂಲ್‌ಗೆ ಆ ಹೆಸರು ಸಾಲದು ಎಂದು ಗೊತ್ತಾಯಿತು. ಹೆಸರು ಬಿಟ್ಟು, ಕಣ್ಣಿಗೆ ಕಾಣುವುದನ್ನೇ ಬರೆದೆ: ಕಡುನೀಲಿ ಹತ್ತಿಯ ಒಡಲು, ಕೆಂಪು ರೇಷ್ಮೆ ಸೆರಗು, ಸೆರಗಿನಲ್ಲಿ ಗರಗಸದ ಹಲ್ಲಿನಂಥ ಬಿಳಿ ವಿನ್ಯಾಸ, ಎಡಗಡೆ ಕಿಟಕಿಯಿಂದ ಬೆಳಗಿನ ಬಿಸಿಲು. ಒಂದು ಸಲಕ್ಕೆ ಒಂದೇ ಮಾತು ಬದಲಿಸಿದೆ, ಇಲ್ಲದಿದ್ದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಹನ್ನೊಂದನೆಯದು ಸರಿಯಾಗಿ ಬಂತು. ಕೆಟ್ಟ ಹತ್ತನ್ನೂ ಪ್ರಾಂಪ್ಟ್ ಸಮೇತ ಇಟ್ಟಿದ್ದೇನೆ.

ಕನ್ನಡ ಅಕ್ಷರಗಳನ್ನು ಮಾತ್ರ ಟೂಲ್‌ಗೆ ಬಿಡಲಿಲ್ಲ. 'ಕ್ಷ'ದ ಒತ್ತು ಎಲ್ಲೋ, ದೀರ್ಘ ಇನ್ನೆಲ್ಲೋ! ಪ್ರಾಂಪ್ಟಿನಲ್ಲೇ ಮೇಲಿನ ಮೂರನೇ ಒಂದು ಭಾಗ ಖಾಲಿ ಕೇಳಿ, ಶೀರ್ಷಿಕೆಯನ್ನು ಇಲಸ್ಟ್ರೇಟರ್‌ನಲ್ಲಿ ಕೈಯಾರೆ ಕೂರಿಸಿದೆ. ಕಸೂತಿ ಗೋಪುರದ ಅಂಚೂ ನಾನೇ ಗ್ರಾಫ್ ಹಾಳೆಯಲ್ಲಿ ಎಣಿಸಿ ಬಿಡಿಸಿದ್ದು. ಎಳೆ ಲೆಕ್ಕ ತಪ್ಪಿದರೆ ನಮ್ಮಜ್ಜಿ ಒಪ್ಪುವುದಿಲ್ಲ.

ಉಳಿದೆರಡು ಚಟ್ನಿಪುಡಿ ಪ್ಯಾಕೆಟ್ ಮತ್ತು ಒಂದು ಪುಸ್ತಕದ ಮುಖಪುಟ. ಎಲ್ಲಿ ಟೂಲ್, ಎಲ್ಲಿ ನನ್ನ ಕೈ ಎಂದು ಪ್ರತಿ ಪುಟದಲ್ಲೂ ಗುರುತಿಸಿದ್ದೇನೆ. ಕೆಲಸದ ಅನುಭವವೆಂದರೆ ಒಂದು ಪ್ರೆಸ್ಸಿನಲ್ಲಿ ಎರಡು ತಿಂಗಳ ಇಂಟರ್ನ್‌ಶಿಪ್ ಅಷ್ಟೇ.

ಸೋಮವಾರದಿಂದ ಯಾವ ದಿನ ಕರೆದರೂ ಬರುತ್ತೇನೆ. ನೀವು ಕೊಟ್ಟ ವಿಷಯಕ್ಕೆ ಎದುರಿಗೇ ಪ್ರಾಂಪ್ಟ್ ಬರೆದು ತೋರಿಸಲು ಸಿದ್ಧ.

ಇತಿ ತಮ್ಮ ವಿಶ್ವಾಸಿ,
ಸಹನಾ