ಸಂಜೆ ಅಂಗಡಿ ಮುಚ್ಚುವಾಗ ಗಲ್ಲಾ ಲೆಕ್ಕ

ಅಡಿಕೆ ಕೊಯ್ಲು ಶುರುವಾದ ಮೇಲೆ ಸಂಜೆ ಹೊತ್ತು ನಾನು ಅಂಗಡಿಯಲ್ಲಿ ಸಿಗುವುದು ಅನುಮಾನ. ಹಾಗಾಗಿ ಬರುವ ಸೋಮವಾರದಿಂದ ಗಲ್ಲಾ ಮುಚ್ಚುವ ಕೆಲಸ ನಿಮ್ಮಿಬ್ಬರದ್ದು. ಕೌಂಟರಿನಲ್ಲಿ ಕೂತವರು ಎಣಿಸಬೇಕು, ಸಾಮಾನು ಕಟ್ಟುವವರು ಪಕ್ಕದಲ್ಲಿ ನಿಂತು ಬರೆದುಕೊಳ್ಳಬೇಕು. ಒಬ್ಬರೇ ಎಣಿಸುವುದು ಬೇಡ. ನಂಬಿಕೆ ಇಲ್ಲ ಅಂತಲ್ಲ, ನಾಳೆ ನೂರು ರೂಪಾಯಿ ಕಮ್ಮಿ ಬಿದ್ದರೆ ಮಾತು ಒಬ್ಬರ ಮೇಲೇ ಬರಬಾರದು ಅಂತ.

ರಾತ್ರಿ 8ಕ್ಕೆ ಶಟರ್ ಅರ್ಧ ಇಳಿಸಿ. ಒಳಗಿರುವ ಗಿರಾಕಿಗಳನ್ನು ಕಳಿಸಿ. ಆಮೇಲೆ ಯಾರಾದರೂ ಬಂದು ಒಂದು ಬೆಂಕಿಪೆಟ್ಟಿಗೆ ಕೇಳಿದರೆ ಕೊಡಿ, ಆದರೆ ಆ ದುಡ್ಡು ಗಲ್ಲಾಕ್ಕೆ ಬೇಡ. ಮೇಲಿನ ಡಬ್ಬಿಯಲ್ಲಿ ಹಾಕಿ, ಬೆಳಿಗ್ಗೆ ಬಿಲ್ ಮಾಡಿ.

ಮೊದಲು ಎಣಿಸಿ, ಆಮೇಲೆ ಕಂಪ್ಯೂಟರ್ ನೋಡಿ. ಇದೊಂದನ್ನು ಮಾತ್ರ ಯಾವತ್ತೂ ತಿರುಗುಮುರುಗು ಮಾಡಬೇಡಿ. ಎಷ್ಟು ಬರಬೇಕು ಅಂತ ಮೊದಲೇ ಗೊತ್ತಿದ್ದರೆ ಎಣಿಸುವ ಕೈ ಆ ಮೊತ್ತಕ್ಕೇ ಹೋಗಿ ನಿಲ್ಲುತ್ತದೆ. ಒಂದು ನೋಟು ಹೆಚ್ಚು ಕಮ್ಮಿ ಇದ್ದರೂ 'ಸರಿ ಇದೆ' ಅನ್ನಿಸಿಬಿಡುತ್ತದೆ.

ಐನೂರರಿಂದ ಶುರು ಮಾಡಿ ಕೆಳಗೆ ಬನ್ನಿ. ಪ್ರತಿ ನೋಟಿನ ರಾಶಿ ಬೇರೆ, ಮುಖ ಒಂದೇ ಕಡೆ. ಒಬ್ಬರು ಎಣಿಸಿದ್ದನ್ನು ಇನ್ನೊಬ್ಬರು ಮತ್ತೊಮ್ಮೆ ಎಣಿಸಿ. ಮಳೆಗಾಲದಲ್ಲಿ ನೋಟು ಥಂಡಿ ಹಿಡಿದು ಎರಡೆರಡು ಅಂಟಿಕೊಂಡಿರುತ್ತವೆ. ಜೋನಿ ಬೆಲ್ಲ ಅಳೆದ ಕೈಯಲ್ಲಿ ತೆಗೆದುಕೊಂಡ ನೋಟಂತೂ ಕೇಳುವುದೇ ಬೇಡ. ಅಂಥವನ್ನು ಬೆರಳಲ್ಲಿ ಉಜ್ಜಿ ಬಿಡಿಸಿ, ಮೇಜಿನ ಮೇಲೆ ಒಂದೊಂದಾಗಿ ಇಡಿ. ನೂರು ನೋಟಾದರೆ ರಬ್ಬರ್ ಬ್ಯಾಂಡ್ ಹಾಕಿ. ಪಿನ್ ಹೊಡೆಯಬೇಡಿ, ನೋಟಿನ ಮೇಲೆ ಪೆನ್ನಿನಲ್ಲಿ ಲೆಕ್ಕ ಬರೆಯಬೇಡಿ. ಹರಿದ ನೋಟು ಬೇರೆ ಕವರಿನಲ್ಲಿ ಇರಲಿ. ಅದೂ ಲೆಕ್ಕಕ್ಕೆ ಸೇರುತ್ತದೆ, ಬ್ಯಾಂಕಿನಲ್ಲಿ ಬದಲಿಸಬಹುದು. 2000ದ ನೋಟು ತೆಗೆದುಕೊಳ್ಳಲೇಬೇಡಿ. 2023ರಲ್ಲೇ ಅದನ್ನು ವಾಪಸ್ ತೆಗೆದುಕೊಳ್ಳಲು ಶುರು ಮಾಡಿದ್ದಾರೆ, ಈಗ ನಮ್ಮ ಬ್ಯಾಂಕ್ ಶಾಖೆಯಲ್ಲಿ ಜಮಾ ಆಗುವುದಿಲ್ಲ. ಹತ್ತರ ನಾಣ್ಯ ಮಾತ್ರ ಯಾರು ಏನೇ ಹೇಳಲಿ, ನಡೆಯುತ್ತದೆ. ತೆಗೆದುಕೊಳ್ಳಿ.

ಎಣಿಸಿದ್ದನ್ನು ಕಿರ್ದಿ ಪುಸ್ತಕದಲ್ಲಿ ಬರೆದು ಇಬ್ಬರೂ ಸಹಿ ಹಾಕಿದ ಮೇಲೆ ಕಂಪ್ಯೂಟರಿನಲ್ಲಿ ದಿನದ ಮೊತ್ತ ತೆಗೆಯಿರಿ. ಹೇಗೆ ಹೊಂದಿಸಬೇಕು ಅನ್ನುವುದಕ್ಕೆ ಒಂದು ದಿನದ ಲೆಕ್ಕ ಇಲ್ಲಿ ಹಾಕಿದ್ದೇನೆ:

ಒಟ್ಟು ಮಾರಾಟ: 31,460
ಅದರಲ್ಲಿ ಯುಪಿಐ: 14,215
ಉದ್ರಿ: 3,180
ಉಳಿದದ್ದು ನಗದು ಮಾರಾಟ: 14,065

ಬೆಳಗಿನ ಶಿಲ್ಕು: 2,000
ನಗದು ಮಾರಾಟ: 14,065
ಹಳೆ ಉದ್ರಿ ವಸೂಲಿ, ನಗದು: 2,500
ಗಲ್ಲಾದಿಂದ ಖರ್ಚು (ಹಪ್ಪಳ ತಂದವರಿಗೆ 1,500, ಹಮಾಲಿ 240, ಚಹಾ 90): 1,830 ಕಳೆಯಿರಿ
ಗಲ್ಲಾದಲ್ಲಿ ಇರಬೇಕಾದ್ದು: 16,735

ಎಣಿಸಿದಾಗ ಸಿಕ್ಕಿದ್ದು: 500ರ 21, 200ರ 11, 100ರ 26, 50ರ 11, 20ರ 21, 10ರ 32, ನಾಣ್ಯ 135. ಒಟ್ಟು 16,725. ಹತ್ತು ರೂಪಾಯಿ ಕಮ್ಮಿ.

ಹತ್ತು ರೂಪಾಯಿ ಚಿಲ್ಲರೆಯಲ್ಲಿ ಹೋಗಿರುತ್ತದೆ. ಇಪ್ಪತ್ತರ ಒಳಗಿನ ವ್ಯತ್ಯಾಸ ಹುಡುಕುತ್ತಾ ಕೂರಬೇಡಿ, 'ಕಮ್ಮಿ 10' ಅಂತ ಬರೆದು ಮುಂದೆ ಹೋಗಿ. ಆದರೆ ಬರೆಯಲೇಬೇಕು. ಕಿಸೆಯಿಂದ ಹತ್ತು ತೆಗೆದು ಹಾಕಿ ಸರಿ ಮಾಡುವುದು ಬೇಡ. ಹೆಚ್ಚು ಬಂದದ್ದನ್ನು ನಾಳೆಯ ಕಮ್ಮಿಗೆ ಅಂತ ಎತ್ತಿಡುವುದೂ ಬೇಡ. ತಿಂಗಳ ಪ್ರತಿ ದಿನವೂ ಪೈಸೆ ಪೈಸೆ ಸರಿ ಇರುವ ಕಿರ್ದಿ ನೋಡಿದರೆ ನನಗೆ ಅನುಮಾನವೇ ಜಾಸ್ತಿ.

ಇಪ್ಪತ್ತಕ್ಕಿಂತ ಮೇಲಿದ್ದರೆ ಹುಡುಕಿ. ಮೊದಲು ನೋಡಬೇಕಾದ್ದು ಯುಪಿಐ. ಗಿರಾಕಿ ಸ್ಕ್ಯಾನ್ ಮಾಡಿರುತ್ತಾರೆ, ನಾವು ಅವಸರದಲ್ಲಿ ನಗದು ಅಂತ ಒತ್ತಿರುತ್ತೇವೆ. ಆಗ ಗಲ್ಲಾದಲ್ಲಿ ಎಷ್ಟು ಕಮ್ಮಿಯೋ ಯುಪಿಐ ಪಟ್ಟಿಯಲ್ಲಿ ಅಷ್ಟೇ ಹೆಚ್ಚು ಇರುತ್ತದೆ. ಬಿಲ್ ಹುಡುಕಿ ತಿದ್ದಿದರೆ ಆಯಿತು. ಇನ್ನೊಂದು, ಹಳೆ ಉದ್ರಿಯನ್ನು ಯುಪಿಐನಲ್ಲಿ ಕಟ್ಟಿದವರದ್ದು. ಮೇಲಿನ ಲೆಕ್ಕದ ದಿನ ಫೋನಿನ ಪಟ್ಟಿಯಲ್ಲಿ 15,215 ಇತ್ತು. ಮಾರಾಟಕ್ಕಿಂತ ಒಂದು ಸಾವಿರ ಜಾಸ್ತಿ. ಅದು ಸೋಂದಾ ಕಡೆಯವರೊಬ್ಬರು ಬಾಕಿ ಕಟ್ಟಿದ್ದು. ಅಂಥದ್ದನ್ನು ಮಾರಾಟಕ್ಕೆ ಸೇರಿಸಬೇಡಿ, ಉದ್ರಿ ಪುಸ್ತಕದಲ್ಲಿ ಅವರ ಹೆಸರಿಗೆ ಜಮಾ ಮಾಡಿ.

ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಅಂಕಿ ಅದಲುಬದಲಾಗಿದೆಯಾ ನೋಡಿ. 450ನ್ನು 540 ಅಂತ ಬರೆದರೆ 90 ಬರುತ್ತದೆ ಅಲ್ವಾ, ಹಾಗೆ. ವ್ಯತ್ಯಾಸದ ಅರ್ಧದಷ್ಟು ಮೊತ್ತ ಎಲ್ಲಾದರೂ ಕಂಡರೆ, ಕಳೆಯಬೇಕಾದ ಖರ್ಚನ್ನು ಕೂಡಿಸಿರಬಹುದು. ಹದಿನೈದು ನಿಮಿಷ ಹುಡುಕಿಯೂ ಸಿಗದಿದ್ದರೆ ಮೊತ್ತ ಬರೆದು, ನನಗೊಂದು ಫೋನ್ ಮಾಡಿ ಮನೆಗೆ ಹೊರಡಿ. ಕೊನೆ ಬಸ್ಸು ತಪ್ಪಿಸಿಕೊಳ್ಳುವಷ್ಟು ದೊಡ್ಡ ವಿಷಯ ಅದಲ್ಲ.

ಯುಪಿಐ ಮೊತ್ತವನ್ನು ಅಂಗಡಿ ಫೋನಿನ ಪಟ್ಟಿಯಿಂದಲೇ ತೆಗೆಯಿರಿ. ಗಿರಾಕಿ ತೋರಿಸಿದ ಸ್ಕ್ರೀನ್‌ಶಾಟ್ ಲೆಕ್ಕಕ್ಕಿಲ್ಲ. ಬ್ಯಾಂಕಿಗೆ ಬಂದ ಮೊತ್ತವನ್ನೂ ಹಿಡಿಯಬೇಡಿ, ಅದು ಕೆಲವೊಮ್ಮೆ ಮರುದಿನ ಬರುತ್ತದೆ. ಗಲ್ಲಾ ಮುಚ್ಚಿದ ಮೇಲೆ ರಾತ್ರಿ ಯಾರೋ ಮನೆಯಿಂದ ಕಳಿಸಿದ್ದು ನಾಳೆಯ ಲೆಕ್ಕ. ಯಾರಾದರೂ 'ದುಡ್ಡು ಹೋಗಿದೆ, ನಿಮಗೆ ಬಂದಿಲ್ಲವಾ' ಅಂದರೆ 12 ಅಂಕಿಯ ರೆಫರೆನ್ಸ್ ನಂಬರ್ ಬರೆದುಕೊಳ್ಳಿ. ಜಗಳ ಬೇಡ.

ಉದ್ರಿ ಬರೆಯುವಾಗ ಹೆಸರಿನ ಜೊತೆ ಊರು ಬರೆಯಿರಿ. ಬರೇ 'ಹೆಗಡೆಯವರು, 640' ಅಂತ ಬರೆದಿಟ್ಟರೆ ಶಿರಸಿಯಲ್ಲಿ ಕೂತು ನಾನು ಯಾವ ಹೆಗಡೆಯವರನ್ನು ಕೇಳಲಿ? ಹುಲೇಕಲ್ಲಾ, ಸಾಲ್ಕಣಿಯಾ, ವಾನಳ್ಳಿಯಾ, ಅದು ಬೇಕು.

ಕರೆಂಟ್ ಹೋದ ದಿನ ಕೈಬಿಲ್ ಪುಸ್ತಕ ಇದೆ. ನಂಬರ್ ಬಿಡದೆ ಬಳಸಿ. ತಪ್ಪಾದ ಬಿಲ್ಲನ್ನು ಹರಿಯಬೇಡಿ, ಅಡ್ಡ ಗೆರೆ ಎಳೆದು ಎರಡೂ ಪ್ರತಿ ಪುಸ್ತಕದಲ್ಲೇ ಬಿಡಿ. ಮುಚ್ಚುವ ಮೊದಲು ಕರೆಂಟ್ ಬಂದರೆ ಕಂಪ್ಯೂಟರಿಗೆ ಹಾಕಿ. ಬರದಿದ್ದರೆ ಕೈಬಿಲ್ಲಿನ ಮೊತ್ತವನ್ನು ಕಿರ್ದಿಯಲ್ಲಿ ಬೇರೆ ಸಾಲಿನಲ್ಲಿ ಬರೆಯಿರಿ.

ಗಲ್ಲಾದಿಂದ ಖರ್ಚಿಗೆ ತೆಗೆದರೆ ಆಗಲೇ ಚೀಟಿ ಹಾಕಿ, ಚಹಾಕ್ಕೆ ತೆಗೆದರೂ ಸರಿ. ಒಬ್ಬರಿಗೆ ಒಂದೇ ದಿನ ಹತ್ತು ಸಾವಿರಕ್ಕಿಂತ ಜಾಸ್ತಿ ನಗದು ಕೊಡಬೇಡಿ. ಆದಾಯ ತೆರಿಗೆ ಲೆಕ್ಕದಲ್ಲಿ ಆ ಖರ್ಚು ನಿಲ್ಲುವುದಿಲ್ಲ. ಬ್ಯಾಂಕಿನಿಂದ ಕಳಿಸುತ್ತೇನೆ ಅಂತ ಹೇಳಿ, ನನಗೆ ತಿಳಿಸಿ.

ಎಲ್ಲ ಹೊಂದಿದ ಮೇಲೆ ನಾಳೆಯ ಗಲ್ಲಾಕ್ಕೆ 2,000 ಒಂದು ಡಬ್ಬಿಯಲ್ಲಿ ತೆಗೆದಿಡಿ: ನೂರರ 8, ಐವತ್ತರ 8, ಇಪ್ಪತ್ತರ 20, ಹತ್ತರ 30, ನಾಣ್ಯ 100. ಬೆಳಿಗ್ಗೆ ಹಾಲಿಗೆ ಬರುವವರೆಲ್ಲ ಐನೂರನ್ನೇ ಕೊಡುತ್ತಾರೆ, ಚಿಲ್ಲರೆ ಇಲ್ಲದಿದ್ದರೆ ಕಷ್ಟ. ಆ ದಿನದ ಲೆಕ್ಕದಲ್ಲಿ ಉಳಿದ 14,725 ಚೀಲಕ್ಕೆ ಹೋಗುತ್ತದೆ. ಚೀಲದೊಳಗೆ ಮೊತ್ತದ ಚೀಟಿ, ತಿಜೋರಿಗೆ ಬೀಗ. ಖಾಲಿಯಾದ ಗಲ್ಲಾ ಪೆಟ್ಟಿಗೆ ರಾತ್ರಿ ತೆರೆದೇ ಇರಲಿ, ಮುಚ್ಚಿದ್ದರೆ ಕಳ್ಳ ಅದನ್ನೇ ಮೊದಲು ಒಡೆಯುತ್ತಾನೆ. ಹಾಗಾಗಿ ಆ 2,000ವನ್ನೂ ಡಬ್ಬಿ ಸಮೇತ ತಿಜೋರಿಯಲ್ಲೇ ಇಟ್ಟು ಬೆಳಿಗ್ಗೆ ತೆಗೆಯಿರಿ.

ಮಾರಿಕಾಂಬಾ ಜಾತ್ರೆ ಬರುವ ವರ್ಷ ಆ ದಿನಗಳಲ್ಲಿ ಮಧ್ಯಾಹ್ನ 2ಕ್ಕೂ ಒಮ್ಮೆ ಎಣಿಸಿ ದೊಡ್ಡ ನೋಟು ತೆಗೆದಿಡಬೇಕು. ಅದನ್ನು ಆಗ ಬೇರೆ ಹೇಳುತ್ತೇನೆ.

ಕಿರ್ದಿ ಪುಟದ ಫೋಟೋ ರಾತ್ರಿಯೇ ನನಗೆ ಕಳಿಸಿ. ತೋಟದ ಮನೆಯಲ್ಲಿ ನೆಟ್‌ವರ್ಕ್ ಸಿಕ್ಕಾಗ ನೋಡುತ್ತೇನೆ. ಹೊಸ ಪುಸ್ತಕ ಎರಡನೇ ಕಪಾಟಿನಲ್ಲಿ, ಅಕ್ಕಿ ದರದ ಫೈಲಿನ ಕೆಳಗಿದೆ.