ಮೊಳೆಯಲ್ಲಿ ನೇತಾಡಿದ ಹಾಡು

ಬದಿಯಡ್ಕದಿಂದ ಪೆರ್ಲದ ಕಡೆಗೆ ಹೋಗುವ ಬಸ್ಸಿನಿಂದ ನಡುದಾರಿಯಲ್ಲಿ ಇಳಿದು, ಗುಡ್ಡೆಯ ಬುಡದವರೆಗೆ ನಡೆದರೆ ಒಂದು ತೋಟದ ಮನೆ. ಆ ಮನೆಯ ಸೊಸೆಗೆ ಒಂದು ಕಥೆ ಗೊತ್ತಿತ್ತು, ಒಂದು ಹಾಡು ಗೊತ್ತಿತ್ತು. ಎರಡನ್ನೂ ಅವಳು ಯಾರಿಗೂ ಹೇಳಿರಲಿಲ್ಲ.

ಈ ಸೊಸೆಯ ಕಥೆ ಹೇಳುವಾಗ ನನ್ನ ಅಜ್ಜಿ ಊರಿನ ಹೆಸರು ಇಡುತ್ತಿರಲಿಲ್ಲ. 'ಒಂದೂರು' ಎಂದರೆ ಮುಗಿಯಿತು. ಅವಳು ಹುಟ್ಟಿದಾಗ ನಮ್ಮ ಕಾಸರಗೋಡು ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡಕ್ಕೆ ಸೇರಿತ್ತು. 1956ರ ನವೆಂಬರ್ ಒಂದರಂದು ಕೇರಳಕ್ಕೆ ಸೇರಿತು. ಮನೆ ಇದ್ದಲ್ಲೇ ಇತ್ತು, ಕಥೆಯೂ ಇದ್ದಲ್ಲೇ ಇತ್ತು. ಇಂದಿನ ಮಕ್ಕಳಿಗೆ ಕಣ್ಣಿಗೆ ಕಟ್ಟಲಿ ಎಂದು ನಾನು ಕಥೆಯ ಮನೆಯನ್ನು ಬದಿಯಡ್ಕದ ಹತ್ತಿರ ತಂದಿದ್ದೇನೆ. ಅಜ್ಜಿಯ ಎಣ್ಣೆದೀಪಗಳ ಜಾಗದಲ್ಲಿ ಬಲ್ಬು ಹಾಕಿದ್ದೇನೆ. ಅಷ್ಟೇ.

ಸೊಸೆಗೆ ಆ ಕಥೆ ಬಂದದ್ದು ತವರಿನಲ್ಲಿ, ಅಡಿಕೆ ಸುಲಿಯುವ ರಾತ್ರಿಗಳಲ್ಲಿ. ಅವಳ ಅಜ್ಜಿ ಮೆಟ್ಟುಕತ್ತಿಯ ಮುಂದೆ ಕೂತು ಸುಲಿಯುತ್ತಾ ಹೇಳುತ್ತಿದ್ದಳು. ಒಂದು ಸಿಪ್ಪೆ ಬೀಳುವಾಗ ರಾಜಕುಮಾರ ಕುದುರೆ ಹತ್ತುತ್ತಿದ್ದ, ಇನ್ನೊಂದು ಸಿಪ್ಪೆ ಬೀಳುವಾಗ ಹೊಳೆ ದಾಟುತ್ತಿದ್ದ. ಗೋಣಿ ತುಂಬಿದ ಕೂಡಲೇ ಕಥೆ ನಿಲ್ಲುತ್ತಿತ್ತು, ಉಳಿದದ್ದು ನಾಳೆ. ಹಾಡು ಬಂದದ್ದು ತೊಟ್ಟಿಲಿನ ಬದಿಯಲ್ಲಿ, ತಮ್ಮನನ್ನು ಮಲಗಿಸುವಾಗ. ಮದುವೆಯಾಗಿ ಬರುವಾಗ ಪೆಟ್ಟಿಗೆಯಲ್ಲಿ ಸೀರೆ ಇತ್ತು, ಪಾತ್ರೆ ಇತ್ತು. ಬಾಯಿಯೊಳಗೆ ಇವೆರಡೂ ಇದ್ದವು.

ಅವಳು ಜಿಪುಣಿ ಎಂದು ತಿಳಿಯಬೇಡಿ. ತೋಟದ ಕೆಲಸಕ್ಕೆ ಬಂದವರಿಗೆ ಗಂಜಿಯ ಜೊತೆ ಪಲ್ಯವನ್ನು ಕೈ ಬಿಚ್ಚಿ ಬಡಿಸುತ್ತಿದ್ದಳು. ಅಂಗಳಕ್ಕೆ ಬಂದ ಯಾರನ್ನೂ ಬೆಲ್ಲ, ನೀರು ಕೊಡದೆ ಕಳಿಸಿದವಳಲ್ಲ. ಆದರೆ ಕಥೆಯ ವಿಷಯ ಬಂದರೆ ಮಾತ್ರ 'ಆಮೇಲೆ' ಎನ್ನುತ್ತಿದ್ದಳು. ಏಳು ವರ್ಷದ ಮಗಳು "ಅಮ್ಮಾ, ಒಂದು ಕಥೆ" ಎಂದರೆ, "ಮೊದಲು ಹೋಂವರ್ಕ್ ಮುಗಿಸು." ಹೋಂವರ್ಕ್ ಮುಗಿಸಿ ಬಂದರೆ, "ಈಗ ನಿದ್ದೆಯ ಹೊತ್ತು." ಕಣ್ಣಿಗೆ ಪೊರೆ ಬಂದ ಅತ್ತೆ ಜಗಲಿಯಲ್ಲಿ ಕೂತು, "ಏನಾದರೂ ಹೇಳು ಮಗಳೇ, ಹೊತ್ತೇ ಹೋಗುವುದಿಲ್ಲ" ಎಂದರೆ ಒಳಗಿನ ಟಿವಿಯ ಸದ್ದು ಹೆಚ್ಚಿಸಿ ಬರುತ್ತಿದ್ದಳು. ನೆಂಟರ ಮನೆಯ ಮದುವೆಯಲ್ಲಿ "ಅಕ್ಕಾ, ನೀವೊಂದು ಹಾಡು ಹೇಳಿ" ಎಂದು ಹುಡುಗಿಯರು ಕೈ ಹಿಡಿದು ಎಳೆದರೆ, "ನನಗೆ ಸ್ವರ ಇಲ್ಲ ಮಾರಾಯ್ತಿ" ಎಂದು ನಕ್ಕು ಅಡುಗೆಮನೆ ಸೇರುತ್ತಿದ್ದಳು.

ಮನಸ್ಸಿನಲ್ಲಿ ಅವಳ ಲೆಕ್ಕ ಹೀಗೆ: ಕಪಾಟಿನಲ್ಲಿ ಮಡಚಿಟ್ಟ ಪಟ್ಟೆಸೀರೆ ಎಲ್ಲಿಗೆ ಹೋಗುತ್ತದೆ? ಬೇಕಾದಾಗ ತೆಗೆದರಾಯಿತು.

ಒಳಗಿದ್ದವರ ಲೆಕ್ಕ ಬೇರೆ.

"ಹತ್ತು ವರ್ಷವಾಯಿತು, ಬೆಳಕು ಕಂಡಿಲ್ಲ" ಎಂದಿತು ಕಥೆ. "ನನ್ನ ರಾಜಕುಮಾರ ಹೊಳೆಯ ನಡುವೆಯೇ ನಿಂತಿದ್ದಾನೆ. ಕುದುರೆಗೂ ಸಾಕಾಗಿದೆ."

"ನಿನಗಾದರೂ ಕುದುರೆ ಇದೆ" ಎಂದಿತು ಹಾಡು. "ನನಗಿರುವುದು ಉಸಿರು ಮಾತ್ರ. ಅದೂ ಕಟ್ಟುತ್ತಿದೆ. ಕಳೆದ ವರ್ಷದಿಂದ ನನ್ನ ಎರಡನೇ ಸಾಲು ನನಗೇ ನೆನಪಾಗುತ್ತಿಲ್ಲ."

ಎರಡೂ ಒಂದು ತೀರ್ಮಾನಕ್ಕೆ ಬಂದವು. ಬಾಗಿಲು ತೆರೆದ ದಿನ ಹೊರಡುವುದು. ಸುಮ್ಮನೆ ಹೊರಡುವುದಲ್ಲ, ಇವಳಿಗೆ ತಿಳಿಯುವ ಹಾಗೆ ಹೊರಡುವುದು.

ಆಟಿ ತಿಂಗಳು. ನಾಲ್ಕು ದಿನ ಬಿಡದೆ ಸುರಿದ ಮಳೆ ಒಂದು ಬೆಳಗ್ಗೆ ಹೊಳವಾಯಿತು. ಅಡಿಕೆಗೆ ಎರಡನೇ ಸಲ ಮದ್ದು ಬಿಡಲು ಇದಕ್ಕಿಂತ ಒಳ್ಳೆಯ ದಿನ ಸಿಗದು, ತಡವಾದರೆ ಕೊಳೆರೋಗ ಗೊನೆಯನ್ನೇ ಉದುರಿಸುತ್ತದೆ. ಗಂಡ ಬೆಳಕು ಹರಿಯುವ ಮೊದಲೇ ಎದ್ದು ಒಂದು ಕಿಲೋ ಮೈಲುತುತ್ತನ್ನು ಒಂದು ಡ್ರಮ್ಮಿನಲ್ಲಿ, ಒಂದು ಕಿಲೋ ಸುಣ್ಣವನ್ನು ಇನ್ನೊಂದರಲ್ಲಿ ಕರಗಿಸಿ, ಬೆರೆಸಿ, 100 ಲೀಟರ್ ಮಾಡಿ, ಮರ ಹತ್ತುವವರೊಂದಿಗೆ ತೋಟಕ್ಕಿಳಿದ. ಹೀಗೆ ಡ್ರಮ್ಮಿನ ಮೇಲೆ ಡ್ರಮ್ಮು. ಮಗಳು ಶಾಲೆಗೆ ಹೋದಳು. ಅತ್ತೆ ನಾದಿನಿಯ ಮನೆಗೆ ಹೋಗಿದ್ದರು. ಕೆಲಸದವರ ಊಟ ಮುಗಿಸಿ, ಪಾತ್ರೆ ತೊಳೆದು, ಇವಳು ಚಾವಡಿಯ ತಣ್ಣನೆಯ ನೆಲದಲ್ಲಿ ಸೆರಗು ಹಾಸಿ ಮಲಗಿದಳು. ದಣಿದ ನಿದ್ದೆ. ಬಾಯಿ ಸ್ವಲ್ಪ ತೆರೆದುಕೊಂಡಿತು.

ಮೊದಲು ಕಥೆ ಹೊರಗೆ ಬಂತು. ಮೆಟ್ಟಿಲಿಳಿದು ಒಂದು ಜೊತೆ ಗಂಡಸರ ಚಪ್ಪಲಿಯಾಗಿ ಕೂತಿತು. ಕಪ್ಪು ಚರ್ಮದ್ದು, ಹಿಮ್ಮಡಿ ಸವೆದದ್ದು, ತುಂಬ ದೂರ ನಡೆದವರದ್ದು. ಹಾಡು ಅದರ ಹಿಂದೆ ತೇಲಿ ಬಂದು, ಬಾಗಿಲ ಬದಿಯ ಮೊಳೆಯಲ್ಲಿ ನೀಲಿ ಮಳೆಕೋಟಾಗಿ ನೇತುಹಾಕಿಕೊಂಡಿತು. ತೋಳಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಸಂಜೆ ಗಂಡ ಬಂದ. ತಲೆಯ ಮುಟ್ಟಾಳೆಯಿಂದ ಕಾಲಿನ ಬೆರಳಿನವರೆಗೆ ಮದ್ದಿನ ನೀಲಿ ಕಲೆ. ಚಪ್ಪಲಿ ನೋಡಿದ. ಮಳೆಕೋಟು ನೋಡಿದ.

"ಯಾರು ಬಂದಿದ್ದಾರೆ?"

"ಯಾರೂ ಇಲ್ಲ."

"ಇದು ಯಾರದ್ದು?"

ಅವಳು ಹೊರಗೆ ಬಂದು ನೋಡಿದಳು. "ನನಗೆ ಗೊತ್ತಿಲ್ಲ. ಮಧ್ಯಾಹ್ನ ಇರಲಿಲ್ಲ."

"ಬೆಳಗ್ಗಿನಿಂದ ಮಳೆಯೇ ಇಲ್ಲ. ಒದ್ದೆ ಕೋಟು ಎಲ್ಲಿಂದ ಬಂತು?"

ಈ ಪ್ರಶ್ನೆಗೆ ಯಾರಿಂದಲೂ ಉತ್ತರ ಕೊಡಲಾಗದು. ಅವಳಿಂದಲೂ ಆಗಲಿಲ್ಲ. ಉತ್ತರ ಇಲ್ಲದ ಕಡೆ ಸಂಶಯ ತಾನೇ ಕುರ್ಚಿ ಹಾಕಿಕೊಂಡು ಕೂರುತ್ತದೆ. ಕೆಲಸಕ್ಕೆ ಬಂದವರನ್ನು ಕೇಳಿದ, ಯಾರದ್ದೂ ಅಲ್ಲ. ಪಕ್ಕದ ಮನೆಗೆ ಫೋನ್ ಮಾಡಿದ, ಯಾರೂ ಬಂದದ್ದು ಕಂಡಿಲ್ಲ. ಮಗಳು ಶಾಲೆಯಿಂದ ಬಂದು, ಅಪ್ಪನ ಮುಖ ನೋಡಿ, ಚೀಲ ಇಳಿಸದೆ ಮೂಲೆಯಲ್ಲಿ ನಿಂತಳು. ಮಾತು ಬೆಳೆಯಿತು. ಆಡಬಾರದ್ದನ್ನು ಅವನು ಆಡಿದ. ಅವಳು ಮೊದಲು ಸಿಟ್ಟಿನಿಂದ ಉತ್ತರಿಸಿದಳು, ಆಮೇಲೆ ಅಳುತ್ತಾ ಉತ್ತರಿಸಿದಳು, ಆಮೇಲೆ ಉತ್ತರಿಸಲಿಲ್ಲ.

ಕತ್ತಲಾಗುತ್ತಲೇ ಮಳೆ ಮತ್ತೆ ಹಿಡಿಯಿತು. ಎಲ್ಲೋ ಮರ ಬಿದ್ದು ಕರೆಂಟು ಹೋಯಿತು. ಮನೆಯಲ್ಲಿ ಇನ್ವರ್ಟರಿನ ಒಂದು ಬಲ್ಬು ಮಾತ್ರ ಉರಿಯುತ್ತಿತ್ತು. ಆ ಬೆಳಕಿನಲ್ಲಿ ಅವಳ ಮುಖ ನೋಡಲಾಗದೆ ಗಂಡ ಚಾಪೆ ಸುರುಳಿ ಸುತ್ತಿ, ಕೊಡೆ ಹಿಡಿದು, ಗುಡ್ಡೆಯ ಮೇಲಿನ ಭಜನಾ ಮಂದಿರಕ್ಕೆ ನಡೆದ. ಅಲ್ಲಿನ ಜಗಲಿಯಲ್ಲಿ ಮಲಗಿದ. ನಿದ್ದೆ ಬರಲಿಲ್ಲ.

ಕರೆಂಟು ಹೋದಾಗ ಬಲ್ಬುಗಳು ಎಲ್ಲಿಗೆ ಹೋಗುತ್ತವೆ? ಊರಿನ ಬಲ್ಬುಗಳೆಲ್ಲ ಭಜನಾ ಮಂದಿರಕ್ಕೆ ಬರುತ್ತವೆ. ಅವಕ್ಕೆ ರಜೆ ಸಿಗುವುದೇ ಆಗ.

ಮೊದಲು ಬಸ್‌ಸ್ಟಾಪಿನ ಬೀದಿದೀಪ ಬಂತು. ಆಮೇಲೆ ದಿನಸಿ ಅಂಗಡಿಯ ಟ್ಯೂಬ್‌ಲೈಟ್, ಹೊಸ ಮನೆಗಳ ಎಲ್‌ಇಡಿಗಳು, ಕೊಟ್ಟಿಗೆಯ ಜೇಡರಬಲೆ ಹಿಡಿದ ಹಳದಿ ಬಲ್ಬು. ಮಳೆಗಾಲ ಮುಗಿದು ಯಕ್ಷಗಾನ ಮೇಳ ಹೊರಡುವವರೆಗೆ ಕೆಲಸವಿಲ್ಲದ ದೊಡ್ಡ ಹ್ಯಾಲೊಜನ್ ಕೂಡ ಬಂದು ಮೂಲೆಯಲ್ಲಿ ಕೂತಿತು. ಯಾರ ಮನೆಯಲ್ಲಿ ಹಪ್ಪಳ ಮಾಡಿದರು, ಯಾರ ಮನೆಯ ಹುಡುಗ ಗಲ್ಫಿನಿಂದ ಬಂದ, ಯಾರ ಮನೆಯ ಅಜ್ಜ ರಾತ್ರಿಯಿಡೀ ಕೆಮ್ಮಿದರು ಎಂದು ದಿನದ ಸುದ್ದಿಯನ್ನೆಲ್ಲ ಹಂಚಿಕೊಂಡವು.

ನಡುರಾತ್ರಿಯ ಹೊತ್ತಿಗೆ ಇನ್ನೊಂದು ಬಲ್ಬು ತಡಬಡಿಸಿಕೊಂಡು ಒಳಗೆ ಬಂತು.

"ಕರೆಂಟು ಹೋಗಿ ನಾಲ್ಕು ಗಂಟೆಯಾಯಿತು. ನೀನು ಈಗ ಬರುವುದೇ?" ಎಂದಿತು ಬೀದಿದೀಪ.

"ನಮ್ಮದು ಇನ್ವರ್ಟರಿನ ಮನೆ. ಆಕೆ ಅಳುತ್ತಾ ಕೂತಿದ್ದಳು, ಸ್ವಿಚ್ ಆರಿಸಲಿಲ್ಲ. ಬ್ಯಾಟರಿ ಮುಗಿದ ಮೇಲೆ ಹೊರಟು ಬಂದೆ."

ಚಾಪೆಯ ಮೇಲಿದ್ದವನು ಉಸಿರು ಬಿಗಿಹಿಡಿದ.

"ಯಾಕೆ ಅಳು?"

"ಬಾಗಿಲಲ್ಲಿ ಯಾರದೋ ಚಪ್ಪಲಿ, ಯಾರದೋ ಮಳೆಕೋಟು. ಗಂಡ ಸಂಶಯಪಟ್ಟ. ಜಗಳವಾಯಿತು."

"ಯಾರದ್ದು ಅವು?" ಎಂದು ಹ್ಯಾಲೊಜನ್ ಕೂಡ ಎದ್ದು ಕೂತಿತು.

"ಯಾರದ್ದೂ ಅಲ್ಲ. ಅವಳದ್ದೇ. ಅವಳಿಗೊಂದು ಕಥೆ ಗೊತ್ತಿತ್ತು, ಹಾಡು ಗೊತ್ತಿತ್ತು. ಮಗಳು ಕೇಳಿದಳು, ಹೇಳಲಿಲ್ಲ. ಅತ್ತೆ ಕೇಳಿದರು, ಹೇಳಲಿಲ್ಲ. ನಾನು ಅಲ್ಲೇ ಉರಿಯುತ್ತಾ ಕಂಡಿದ್ದೇನೆ. ಒಳಗೆ ಉಸಿರುಗಟ್ಟಿ ಅವು ಇವತ್ತು ಹೊರಗೆ ಬಂದವು. ಚಪ್ಪಲಿಯಾಗಿ, ಕೋಟಾಗಿ ಬಾಗಿಲಲ್ಲಿ ನಿಂತವು. ಅವಳಿಗೂ ಗುರುತು ಸಿಗಲಿಲ್ಲ."

ಬಲ್ಬುಗಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕೊಟ್ಟಿಗೆಯ ಹಳದಿ ಬಲ್ಬು ಮಾತ್ರ ಮೆಲ್ಲನೆ, "ಆ ಹುಡುಗಿ ದನದ ಕರುವಿಗೆ ತಾನೇ ಏನೇನೋ ಕಥೆ ಕಟ್ಟಿ ಹೇಳುತ್ತಿರುತ್ತಾಳೆ" ಎಂದಿತು.

ಅವನು ಎದ್ದು ಓಡಿದ. ಕೊಡೆ ಮರೆತ, ಚಾಪೆ ಮರೆತ. ಗುಡ್ಡೆಯ ಕೆಂಪು ನೀರು ಮೊಣಕಾಲಿನವರೆಗೆ ಹಾರುತ್ತಿತ್ತು. ಅಂಗಳ ಮುಟ್ಟುವಾಗ ಕರೆಂಟು ಬಂತು. ಬಾಗಿಲ ಬದಿಯ ಮೊಳೆ ಬರಿದಾಗಿತ್ತು. ಕೆಳಗೆ ಗೋಡೆಯ ಮೇಲೆ ನೀರಿನ ಒಂದು ಉದ್ದ ಗೆರೆ ಮಾತ್ರ. ಮೆಟ್ಟಿಲಿನಲ್ಲಿ ಚಪ್ಪಲಿ ಇರಲಿಲ್ಲ. ಅಂಗಳದ ಹಸಿರು ಪಾಚಿಯ ಮೇಲೆ ಒಂದು ಜೊತೆ ಹೆಜ್ಜೆಗಳು ಹೊರಗೆ, ಬಸ್ಸಿನ ರಸ್ತೆಯ ಕಡೆಗೆ ಹೋಗಿದ್ದವು. ತಿರುಗಿ ಬಂದ ಗುರುತಿಲ್ಲ.

ಅವಳು ಚಾವಡಿಯ ಕಂಬಕ್ಕೆ ಒರಗಿ ಕೂತಿದ್ದಳು. ಮಗಳು ಅವಳ ಮಡಿಲಿನಲ್ಲಿ ಎಚ್ಚರವಾಗಿಯೇ ಇದ್ದಳು.

ಅವನು ಒದ್ದೆ ಬಟ್ಟೆಯಲ್ಲೇ ಎದುರು ಕೂತ. "ತಪ್ಪು ನನ್ನದು" ಎಂದ. ಅದನ್ನು ಹೇಳಿ ಮುಗಿಸಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಕೇಳಿದ, "ನಿನಗೊಂದು ಕಥೆ ಗೊತ್ತಂತಲ್ಲ. ಹಾಡೂ ಗೊತ್ತಂತೆ."

ಅವಳು ತಲೆಯೆತ್ತಿದಳು. ಮಗಳು ದಡಕ್ಕನೆ ಎದ್ದು ಚಕ್ಕಳಮಕ್ಕಳ ಹಾಕಿ ಕೂತಳು.

"ಹೇಳಮ್ಮಾ."

ಅವಳು ಬಾಯಿ ತೆರೆದಳು. ಮೆಟ್ಟುಕತ್ತಿಯ ಸದ್ದು ನೆನಪಾಯಿತು. ಸಿಪ್ಪೆಯ ವಾಸನೆ ನೆನಪಾಯಿತು. ಅಜ್ಜಿಯ ಕೈಯ ಕಪ್ಪು ಕಲೆ ನೆನಪಾಯಿತು.

"ಒಂದೂರಿನಲ್ಲಿ..." ಎಂದಳು.

ಮಗಳು ಕಾದಳು.

"ಒಂದೂರಿನಲ್ಲಿ..." ಎಂದು ಅವಳು ಇನ್ನೊಮ್ಮೆ ಹೇಳಿ, ಬಾಗಿಲ ಬದಿಯ ಮೊಳೆಯನ್ನು ನೋಡಿದಳು.